ಮುಟ್ಟು ನಿಲ್ಲುವ ಮುಂಚಿನ ವರ್ಷಗಳು

"ಮಕ್ಕಳಾಗಿದೆ, ವಯಸ್ಸೂ ಆಗ್ತಾ ಬಂತು. ಇನ್ನು ಆ ಗರ್ಭಕೋಶ ಇಟ್ಕೊಂಡು ಏನ್ ಮಾಡ್ತೀರಿ? ತೆಗೆಸಿಬಿಡಿ." ನಲವತ್ತೈದರ ಆಸುಪಾಸಿನ ಹೆಂಗಸರಿಗೆ ಈ ಮಾತು ಹೊಸದಲ್ಲ. ಕೆಲವೊಮ್ಮೆ ವೈದ್ಯರೇ ಹೇಳುತ್ತಾರೆ, ಕೆಲವೊಮ್ಮೆ ಪಕ್ಕದ ಮನೆಯವರು ಹೇಳುತ್ತಾರೆ, ಎಷ್ಟೋ ಸಲ ತಿಂಗಳುಗಟ್ಟಲೆ ರಕ್ತ ಹೋಗಿ ಸುಸ್ತಾದ ಹೆಂಗಸರೇ ಕೇಳಿಕೊಂಡು ಬರುತ್ತಾರೆ. ಕಷ್ಟ ನಿಜವಾದದ್ದು. ಆದರೆ ಆ ಕಷ್ಟದ ಮೂಲ ಬಹಳಷ್ಟು ಸಲ ಗರ್ಭಕೋಶದಲ್ಲಿ ಇರುವುದೇ ಇಲ್ಲ. ಅದು ಇರುವುದು ಅಂಡಾಶಯದಲ್ಲಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಿಂಗಳು ತಪ್ಪದೆ ದುಡಿದ ಅಂಡಾಶಯ ಕೆಲಸ ಮುಗಿಸುವ ಹೊತ್ತಿನ ಏರುಪೇರಿನಲ್ಲಿ.

ಮುಟ್ಟು ನಿಲ್ಲುವುದು ಎಂದರೆ ಒಂದು ದಿನ ಥಟ್ಟನೆ ಆಗುವ ಘಟನೆ ಎಂದು ಹಲವರು ತಿಳಿದಿದ್ದಾರೆ. ವೈದ್ಯಕೀಯ ಲೆಕ್ಕದಲ್ಲಿ ಕೊನೆಯ ಮುಟ್ಟಿನ ನಂತರ ಹನ್ನೆರಡು ತಿಂಗಳು ಒಮ್ಮೆಯೂ ಮುಟ್ಟಾಗದಿದ್ದರೆ ಅದು ಋತುಬಂಧ. ನಮ್ಮ ದೇಶದಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ ಆಗುತ್ತದೆ, ಅಮೆರಿಕ, ಯುರೋಪಿನವರಿಗಿಂತ ನಾಲ್ಕೈದು ವರ್ಷ ಮುಂಚೆ. ಆದರೆ ಹೆಂಗಸರನ್ನು ನಿಜವಾಗಿ ಗೋಳು ಹುಯ್ದುಕೊಳ್ಳುವುದು ಆ ದಿನಕ್ಕಿಂತ ಮುಂಚಿನ ನಾಲ್ಕೈದು ವರ್ಷ. ಮುಟ್ಟು ಇನ್ನೂ ನಿಂತಿರುವುದಿಲ್ಲ, ಹಾಗಾಗಿ ಇದು ಮುಟ್ಟು ನಿಲ್ಲುವ ಕಾಲದ ತೊಂದರೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಒಬ್ಬ ಮಹಿಳೆಯ ಉದಾಹರಣೆ ಇಟ್ಟುಕೊಂಡು ನೋಡೋಣ. ಈಕೆ ಯಾರೋ ಒಬ್ಬಳಲ್ಲ, ಹಲವರ ಅನುಭವ ಸೇರಿಸಿ ಬರೆದ ಚಿತ್ರ. ವಯಸ್ಸು 46. ರಾಮನಗರದ ಕಡೆಯ ಹಳ್ಳಿ. ಮಗಳ ಮದುವೆಯಾಗಿದೆ, ಮಗ ಡಿಗ್ರಿ ಓದುತ್ತಿದ್ದಾನೆ, ಮನೆಯಲ್ಲಿ ಗಂಡ, ಅತ್ತೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ವ್ಯಾನು ಹತ್ತುತ್ತಾಳೆ. ಟೈಲರ್ ಕೆಲಸ, ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್.

ಒಂದೂವರೆ ವರ್ಷದಿಂದ ಈಕೆಯ ಮುಟ್ಟು ದಿಕ್ಕು ತಪ್ಪಿದೆ. ಮೊದಲು ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಆಗುತ್ತಿದ್ದದ್ದು ಇಪ್ಪತ್ತೆರಡಕ್ಕೇ ಆಗತೊಡಗಿತು. ಆಮೇಲೆ ಎರಡು ತಿಂಗಳು ಸುದ್ದಿಯೇ ಇಲ್ಲ. ಆಮೇಲೆ ಬಂದದ್ದು ಹನ್ನೆರಡು ದಿನ ನಿಲ್ಲಲಿಲ್ಲ. ಗಂಟೆ ಗಂಟೆಗೂ ಪ್ಯಾಡ್ ಬದಲಿಸಬೇಕು, ಗಡ್ಡೆಗಡ್ಡೆಯಾಗಿ ರಕ್ತ ಹೋಗುತ್ತದೆ, ರಾತ್ರಿ ಎರಡು ಸಲ ಏಳಬೇಕು. ಇದರ ಜೊತೆಗೆ ಮೆಷಿನ್ ಮುಂದೆ ಕೂತಿದ್ದಂತೆ ಎದೆಯಿಂದ ಕತ್ತು, ಮುಖದವರೆಗೆ ಬಿಸಿ ಏರಿ ಬೆವರು ಕಿತ್ತುಕೊಂಡು ಬರುತ್ತದೆ, ಐದು ನಿಮಿಷಕ್ಕೆ ಮೈ ತಣ್ಣಗಾಗಿ ನಡುಕ. ಮನೆಯಲ್ಲಿ "ಉಷ್ಣ ಆಗಿದೆ, ಎಳನೀರು ಕುಡಿ" ಎಂದರು. ಮೆಟ್ಟಿಲು ಹತ್ತಿದರೆ ಏದುಸಿರು. ಅಕ್ಕ ಬಂದವಳು, "ಯಾಕವ್ವ ಸುಮ್ನೆ ನರಳ್ತೀಯ, ನಂದು ತೆಗ್ಸಿ ಹತ್ತು ವರ್ಷ ಆಯ್ತು, ನೀನೂ ತೆಗ್ಸಾಕ್ಬುಡು" ಎಂದಳು.

ಒಳಗೆ ನಡೆಯುತ್ತಿರುವುದು ಇಷ್ಟು. ಹೆಣ್ಣು ಮಗು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಹತ್ತು ಇಪ್ಪತ್ತು ಲಕ್ಷ ಅಂಡಕೋಶಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ ಉಳಿಯುತ್ತವೆ. ಹೊಸದಾಗಿ ಒಂದೂ ಹುಟ್ಟುವುದಿಲ್ಲ. ಪ್ರತಿ ತಿಂಗಳೂ ಒಂದಷ್ಟು ಬೆಳೆಯಲು ಶುರುಮಾಡಿ, ಸಾಮಾನ್ಯವಾಗಿ ಅವುಗಳಲ್ಲಿ ಒಂದು ಬಲಿತು ಹೊರಬೀಳುತ್ತದೆ, ಉಳಿದವು ನಶಿಸುತ್ತವೆ. ಬೆಳೆಯುವ ಅಂಡಕೋಶ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಸುರಿಸುತ್ತದೆ; ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಅಂಡ ಹೊರಬಿದ್ದ ಮೇಲೆ ಅದೇ ಜಾಗದಲ್ಲಿ ಪ್ರೊಜೆಸ್ಟರಾನ್ ತಯಾರಾಗುತ್ತದೆ. ಅದು ಆ ಪದರ ಮಿತಿಮೀರದಂತೆ ಹಿಡಿದಿಡುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಹಾರ್ಮೋನು ಇಳಿದು, ಪದರ ಒಟ್ಟಿಗೆ ಕಳಚಿ, ನಾಲ್ಕೈದು ದಿನದಲ್ಲಿ ಮುಟ್ಟು ಮುಗಿಯುತ್ತದೆ.

ನಲವತ್ತು ದಾಟಿದ ಮೇಲೆ ಅಂಡಕೋಶಗಳು ಕಡಿಮೆಯಾಗುತ್ತಾ ಬರುತ್ತವೆ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಇನ್ನೂ ಜೋರಾಗಿ ಅಂಡಾಶಯವನ್ನು ಕೆಲಸಕ್ಕೆ ಹಚ್ಚುತ್ತದೆ. ಹಾಗಾಗಿ ಒಂದು ತಿಂಗಳು ಈಸ್ಟ್ರೋಜೆನ್ ಹಿಂದೆಂದಿಗಿಂತ ಹೆಚ್ಚು ಸುರಿಯಬಹುದು, ಮುಂದಿನ ತಿಂಗಳು ತಳ ಹಿಡಿಯಬಹುದು. ಎಷ್ಟೋ ತಿಂಗಳು ಅಂಡವೇ ಹೊರಬೀಳುವುದಿಲ್ಲ. ಅಂಡ ಹೊರಬೀಳದಿದ್ದರೆ ಪ್ರೊಜೆಸ್ಟರಾನ್ ಇಲ್ಲ. ಒಳಪದರ ಹಿಡಿತವಿಲ್ಲದೆ ಬೆಳೆಯುತ್ತಾ ಹೋಗಿ, ಎಂದೋ ಒಂದು ದಿನ ಅಲ್ಲಿಷ್ಟು ಇಲ್ಲಿಷ್ಟು ಕಳಚುತ್ತದೆ. ಎರಡು ತಿಂಗಳು ಮುಟ್ಟಿಲ್ಲದೆ ಆಮೇಲೆ ಹನ್ನೆರಡು ದಿನ ರಕ್ತ ಹೋಗುವುದಕ್ಕೆ ಬಹಳ ಸಲ ಕಾರಣ ಇದೇ. ಗರ್ಭಕೋಶ ಇಲ್ಲಿ ತನಗೆ ಬಂದ ಹಾರ್ಮೋನಿಗೆ ತಕ್ಕಂತೆ ನಡೆದುಕೊಂಡಿದೆ, ಅಷ್ಟೇ.

ಹೀಗೆ ಹೇಳಿದ ಮಾತ್ರಕ್ಕೆ "ಈ ವಯಸ್ಸಿಗೆ ಇದೆಲ್ಲ ಮಾಮೂಲು" ಎಂದು ಮನೆಯಲ್ಲಿ ಕೂರುವಂತಿಲ್ಲ. ಏಳು ದಿನ ಮೀರಿದ ರಕ್ತಸ್ರಾವ, ಒಂದೆರಡು ಗಂಟೆಗೊಂದು ಪ್ಯಾಡ್ ನೆನೆಯುವುದು, ದೊಡ್ಡ ಗಡ್ಡೆಗಳು, ಎರಡು ಮುಟ್ಟಿನ ನಡುವೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸುವುದು, ಇವು ಯಾವ ವಯಸ್ಸಿನಲ್ಲೂ ಮಾಮೂಲಲ್ಲ. ಹಾಗೇ ಇದಕ್ಕೆ ನೇರ ಆಪರೇಷನ್ ಕೊಠಡಿಗೂ ಹೋಗಬೇಕಿಲ್ಲ. ಇವೆರಡರ ನಡುವೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ನಮ್ಮ ಟೈಲರ್ ಮಹಿಳೆ ಒಳ್ಳೆಯ ಸ್ತ್ರೀರೋಗ ತಜ್ಞೆಯ ಬಳಿ ಹೋದಳು ಎಂದಿಟ್ಟುಕೊಳ್ಳಿ. ಮೊದಲ ಪರೀಕ್ಷೆ ಬಸಿರಿನದು. 46ಕ್ಕೆ ಬಸಿರೇ ಎಂದು ಈಕೆಗೆ ನಾಚಿಕೆಯಾಗಬಹುದು, ಆದರೆ ಮುಟ್ಟು ಪೂರ್ತಿ ನಿಲ್ಲುವ ತನಕ ಬಸಿರಾಗುವ ಸಾಧ್ಯತೆ ಇದ್ದೇ ಇದೆ. ಆಮೇಲೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್. ಥೈರಾಯ್ಡ್ ಕಡಿಮೆಯಾದರೂ ಮುಟ್ಟು ಹೆಚ್ಚಾಗುತ್ತದೆ, ಸುಸ್ತಾಗುತ್ತದೆ, ತೂಕ ಏರುತ್ತದೆ. ಹೆಚ್ಚಾದರೆ ಬೆವರು, ಎದೆಬಡಿತ. ಮುಟ್ಟು ನಿಲ್ಲುವ ಕಾಲ ಎಂದು ತಿಳಿದು ಥೈರಾಯ್ಡನ್ನು ಮರೆತರೆ ವರ್ಷಗಟ್ಟಲೆ ಒದ್ದಾಟ. ಇನ್ನು ಮುಟ್ಟು ನಿಲ್ಲುತ್ತಿದೆಯೇ ಎಂದು ತಿಳಿಯಲು ದುಬಾರಿ ಹಾರ್ಮೋನ್ ಪರೀಕ್ಷೆ ಮಾಡಿಸುವವರಿದ್ದಾರೆ. 45 ದಾಟಿದವರಿಗೆ ಅದರಿಂದ ಸಾಮಾನ್ಯವಾಗಿ ಉಪಯೋಗವಿಲ್ಲ. ಈ ವಾರ ಹೆಚ್ಚಿದ್ದ ಹಾರ್ಮೋನು ಮುಂದಿನ ವಾರ ಕಡಿಮೆ ಇರುತ್ತದೆ. ಹೆಂಗಸು ಹೇಳುವ ಲಕ್ಷಣಗಳೇ ಅದಕ್ಕಿಂತ ಗಟ್ಟಿ ಸಾಕ್ಷಿ. ನಲವತ್ತರೊಳಗೇ ಮುಟ್ಟು ನಿಂತವರ ವಿಷಯ ಬೇರೆ, ಅವರಿಗೆ ಈ ಪರೀಕ್ಷೆ ಬೇಕೇ ಬೇಕು.

ಈಕೆಯ ಹಿಮೋಗ್ಲೋಬಿನ್ 8.4 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಏದುಸಿರಿಗೆ, ಸುಸ್ತಿಗೆ, ಅರ್ಧದಷ್ಟು ಸಿಡಿಮಿಡಿಗೆ ಇಲ್ಲಿಯೇ ಉತ್ತರ ಸಿಕ್ಕಿತು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಎರಡು ಮಾತಿದ್ದವು: "ಬಲ್ಕಿ ಯುಟೆರಸ್", ಅಂದರೆ ಗರ್ಭಕೋಶ ಸ್ವಲ್ಪ ದಪ್ಪಗಿದೆ, ಮತ್ತು ಗೋಡೆಯಲ್ಲಿ ಎರಡು ಸೆಂಟಿಮೀಟರಿನ ಒಂದು ಫೈಬ್ರಾಯ್ಡ್ ಗಡ್ಡೆ. ಈ ಎರಡು ಮಾತು ಓದಿಯೇ ಎಷ್ಟೋ ಮನೆಗಳಲ್ಲಿ ಆಪರೇಷನ್ನಿಗೆ ಸಾಲ ಮಾಡುತ್ತಾರೆ. ಮಕ್ಕಳನ್ನು ಹೆತ್ತ ಗರ್ಭಕೋಶ ಸ್ವಲ್ಪ ದಪ್ಪಗಿರುವುದು ಕಾಯಿಲೆಯಲ್ಲ. ಫೈಬ್ರಾಯ್ಡ್ ಈ ವಯಸ್ಸಿನಲ್ಲಿ ಬಹಳ ಜನರಿಗೆ ಇರುತ್ತದೆ, ಕ್ಯಾನ್ಸರ್ ಅಲ್ಲ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಅದು ಒಳಪದರದ ಕಡೆಗೆ ಚಾಚಿಕೊಂಡಿದ್ದರೆ ರಕ್ತ ಹೆಚ್ಚಿಸುತ್ತದೆ. ಗೋಡೆಯೊಳಗೇ ಇರುವ ಚಿಕ್ಕ ಗಡ್ಡೆ ಹಾಗೆ ಮಾಡುವುದು ಕಡಿಮೆ. ಆದ್ದರಿಂದ ಗಡ್ಡೆ ಇದೆಯೇ ಎಂದು ಕೇಳುವುದಕ್ಕಿಂತ ಅದು ಎಲ್ಲಿದೆ, ಎಷ್ಟು ದೊಡ್ಡದಿದೆ ಎಂದು ವೈದ್ಯರನ್ನು ಕೇಳಬೇಕು.

ಆಮೇಲಿನ ಪರೀಕ್ಷೆಯನ್ನು ಮಾತ್ರ ಬಿಡುವಂತಿಲ್ಲ. 45 ದಾಟಿದವರಲ್ಲಿ ಹೀಗೆ ಏರುಪೇರಾಗಿ ರಕ್ತ ಹೋಗುತ್ತಿದ್ದರೆ ಗರ್ಭಕೋಶದ ಒಳಪದರದಿಂದ ಚೂರು ತೆಗೆದು ಪರೀಕ್ಷಿಸಬೇಕು. ತೆಳುವಾದ ಒಂದು ನಳಿಕೆಯನ್ನು ಒಳಗೆ ಬಿಟ್ಟು ಸ್ವಲ್ಪ ಎಳೆದು ತೆಗೆಯುತ್ತಾರೆ. ಬಹಳ ಜನರಿಗೆ ಹೊರರೋಗಿ ವಿಭಾಗದಲ್ಲೇ ಆಗುತ್ತದೆ, ಕೆಲವೇ ನಿಮಿಷ, ಮುಟ್ಟಿನ ನೋವಿನಂತೆ ಕಿಬ್ಬೊಟ್ಟೆ ಹಿಂಡುತ್ತದೆ. ಕ್ಯಾನ್ಸರ್ ಭಯ ನಿಜವೇ ಸುಳ್ಳೇ ಎಂದು ಹೇಳುವುದು ಈ ಚೂರು. "ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಎಂದು ಹೆದರಿಸಿ ಈ ಪರೀಕ್ಷೆ ಮಾಡದೆ ಗರ್ಭಕೋಶ ತೆಗೆಯಲು ಹೊರಟವರನ್ನು ಕಂಡರೆ ಅಲ್ಲಿಂದ ಎದ್ದು ಬೇರೆ ವೈದ್ಯರ ಅಭಿಪ್ರಾಯ ಕೇಳಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಈಕೆಯ ರಿಪೋರ್ಟಿನಲ್ಲಿ ಪದರ ದಪ್ಪವಾಗಿದೆ, ಆದರೆ ಜೀವಕೋಶಗಳ ಸ್ವರೂಪ ಕೆಟ್ಟಿಲ್ಲ ಎಂದು ಬಂತು. ಈ ಬಗೆಯದು ಕ್ಯಾನ್ಸರಿಗೆ ತಿರುಗುವುದು ಇಪ್ಪತ್ತು ವರ್ಷದಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಜನರಲ್ಲಿ. ಚಿಕಿತ್ಸೆಯ ತರ್ಕ ಸರಳ: ಮೈ ತಯಾರಿಸದಿರುವ ಪ್ರೊಜೆಸ್ಟರಾನನ್ನು ಹೊರಗಿನಿಂದ ಕೊಡುವುದು. ಅದಕ್ಕೆ ಮಾತ್ರೆಯೂ ಇದೆ, ಇನ್ನೂ ಚೆನ್ನಾಗಿ ಕೆಲಸ ಮಾಡುವ ಇನ್ನೊಂದು ದಾರಿಯೂ ಇದೆ. ವಂಕಿಯಂತೆ ಗರ್ಭಕೋಶದೊಳಗೆ ಇಡುವ, ದಿನಕ್ಕಿಷ್ಟೇ ಇಷ್ಟು ಹಾರ್ಮೋನು ಜಿನುಗಿಸುವ ಪುಟ್ಟ ಸಾಧನ ಅದು. ಐದು ವರ್ಷವಾದರೂ ಬಾಳುತ್ತದೆ. ರಕ್ತಸ್ರಾವವನ್ನು ಹತ್ತರಲ್ಲಿ ಒಂಬತ್ತು ಪಾಲಿನವರೆಗೂ ಇಳಿಸಬಲ್ಲದು, ಬಸಿರನ್ನೂ ತಡೆಯುತ್ತದೆ. ಆದರೆ ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುತ್ತಲೇ ಇರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆಂಗಸರು ಎರಡನೇ ತಿಂಗಳಿಗೇ ಬಂದು "ತೆಗೆದುಬಿಡಿ ಡಾಕ್ಟ್ರೇ" ಎನ್ನುತ್ತಾರೆ. ಒಳ್ಳೆಯ ಚಿಕಿತ್ಸೆ ಅರ್ಧಕ್ಕೇ ನಿಂತುಹೋಗುವುದು ಹೀಗೆ.

ಅದರ ಜೊತೆಗೆ ಕಬ್ಬಿಣದ ಮಾತ್ರೆ. ಅದನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಒಂದು ಗಂಟೆಯಾದರೂ ಅಂತರ ಬೇಕು, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ತೆಗೆದುಕೊಂಡರೂ ನಡೆಯುತ್ತದೆ. ಹಿಮೋಗ್ಲೋಬಿನ್ 12 ಮುಟ್ಟಿದ ತಕ್ಷಣ ನಿಲ್ಲಿಸಬಾರದು, ಖಾಲಿಯಾದ ದಾಸ್ತಾನು ತುಂಬಲು ಮತ್ತೆ ಮೂರು ತಿಂಗಳು ಬೇಕು. ಆರು ತಿಂಗಳಾದ ಮೇಲೆ ಇನ್ನೊಮ್ಮೆ ಚೂರು ಪರೀಕ್ಷೆ ಮಾಡಿದಾಗ ಈಕೆಯ ಒಳಪದರ ಸರಿಹೋಗಿತ್ತು. ಗರ್ಭಕೋಶ ಇದ್ದಲ್ಲೇ ಇತ್ತು.

ತೆಗೆಸಿದ್ದರೆ ಏನಾಗುತ್ತಿತ್ತು? ರಕ್ತ ನಿಲ್ಲುತ್ತಿತ್ತು, ನಿಜ. ಆದರೆ ಬಿಸಿ, ಬೆವರು, ನಿದ್ದೆಗೇಡು ಒಂದೂ ಹೋಗುತ್ತಿರಲಿಲ್ಲ, ಏಕೆಂದರೆ ಅವು ಗರ್ಭಕೋಶದಿಂದ ಬರುವಂಥವಲ್ಲ. ಎಷ್ಟೋ ಸಲ ಗರ್ಭಕೋಶದ ಜೊತೆಗೇ ಎರಡು ಅಂಡಾಶಯಗಳನ್ನೂ ತೆಗೆದುಬಿಡುತ್ತಾರೆ. ನಾಲ್ಕೈದು ವರ್ಷದಲ್ಲಿ ನಿಧಾನವಾಗಿ ಇಳಿಯಬೇಕಾದ ಈಸ್ಟ್ರೋಜೆನ್ ಆಗ ಒಂದೇ ರಾತ್ರಿಗೆ ಪಾತಾಳಕ್ಕೆ ಬೀಳುತ್ತದೆ. ಮೂವತ್ತೈದಕ್ಕೆ ಹೀಗಾದವಳ ಮೂಳೆ ಐವತ್ತಕ್ಕೇ ಮುದುಕಿಯ ಮೂಳೆಯಾಗುತ್ತದೆ, ಹೃದಯಕ್ಕೂ ಅಪಾಯ. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ ಅಂಡಾಶಯಗಳು ಒಂದೆರಡು ವರ್ಷ ಮುಂಚೆಯೇ ಸೋಲುವುದುಂಟು. ಆಪರೇಷನ್ ಆದವರು ತಮಗೆ ಏನೇನು ತೆಗೆದಿದ್ದಾರೆ ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ನೋಡಿ ತಿಳಿದಿರಬೇಕು. ಬಹಳಷ್ಟು ಹೆಂಗಸರಿಗೆ ಅದು ಗೊತ್ತೇ ಇರುವುದಿಲ್ಲ.

ಇದು ಒಬ್ಬಿಬ್ಬರ ಮಾತಲ್ಲ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ, ಬಹುತೇಕ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ, ಅಗತ್ಯವಿಲ್ಲದೆ ಗರ್ಭಕೋಶ ತೆಗೆಯಲಾಗಿದೆ ಎಂಬ ಆರೋಪ ಎದ್ದಿತ್ತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರು ಗರ್ಭಕೋಶ ಕಳೆದುಕೊಂಡು ಬಂದಿದ್ದರು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಇಂಥವೇ ಪ್ರಕರಣಗಳನ್ನು ಹಿಡಿದು ಡಾ. ನರೇಂದ್ರ ಗುಪ್ತಾ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ಕ್ಯಾನ್ಸರ್ ಇದ್ದಾಗ, ಜೀವಕೋಶಗಳ ಸ್ವರೂಪ ಕೆಟ್ಟಾಗ, ಗಡ್ಡೆ ತೀರಾ ದೊಡ್ಡದಾದಾಗ, ಔಷಧಿ ಎಲ್ಲ ಪ್ರಯತ್ನಿಸಿ ಸೋತಾಗ ಈ ಆಪರೇಷನ್ ಬೇಕಾಗುತ್ತದೆ, ಅದರಿಂದ ಜೀವ ಉಳಿಯುತ್ತದೆ. ಆ ಸಾಲಿನಲ್ಲಿ ಅದರ ಜಾಗ ಕೊನೆಯದು.

ಈಗ ಬಿಸಿ ಮತ್ತು ಬೆವರಿನ ವಿಷಯ. ಇದಕ್ಕೂ ಎಳನೀರಿನ "ಉಷ್ಣ"ಕ್ಕೂ ಸಂಬಂಧವಿಲ್ಲ. ಮೈಯ ಬಿಸಿ ಎಷ್ಟಿರಬೇಕೆಂದು ನೋಡಿಕೊಳ್ಳುವ ಒಂದು ಕೇಂದ್ರ ಮೆದುಳಿನಲ್ಲಿದೆ. ಸಾಮಾನ್ಯ ದಿನಗಳಲ್ಲಿ ಮೈ ಬಿಸಿ ಕೊಂಚ ಏರಿದರೂ ಇಳಿದರೂ ಅದು ಗಮನಿಸುವುದಿಲ್ಲ. ಈಸ್ಟ್ರೋಜೆನ್ ಏರಿಳಿಯತೊಡಗಿದಾಗ ಆ ಸಹನೆ ಕಿರಿದಾಗಿಬಿಡುತ್ತದೆ. ಒಂದು ಲೋಟ ಬಿಸಿ ಕಾಫಿ, ತುಂಬಿದ ಬಸ್ಸು, ಒಂದು ಸಣ್ಣ ಗಾಬರಿ ಸಾಕು, ಮೈ ಕಾದುಹೋಯಿತೆಂದು ಮೆದುಳು ತೀರ್ಮಾನಿಸುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗಿ ಮುಖ ಕೆಂಪಾಗುತ್ತದೆ, ಬೆವರು ಒಡೆಯುತ್ತದೆ, ಎದೆ ಡವಗುಟ್ಟುತ್ತದೆ; ಒಂದರಿಂದ ಐದು ನಿಮಿಷದಲ್ಲಿ ಇಳಿದು ಚಳಿಯಾಗುತ್ತದೆ. ರಾತ್ರಿ ಇದೇ ಮೂರ್ನಾಲ್ಕು ಸಲ ಆದರೆ ನಿದ್ದೆ ಎಲ್ಲಿಯದು? ಸಿಟ್ಟು, ಮರೆವು, ಹಗಲು ತೂಕಡಿಕೆ ಎಂದು ಮನೆಯವರು ದೂರುವುದರಲ್ಲಿ ಒಂದು ದೊಡ್ಡ ಪಾಲು ನಿದ್ದೆ ಇಲ್ಲದ್ದರ ಫಲ. ಎಷ್ಟು ದಿನ ಇರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ 'ಸ್ವಾನ್' ಅಧ್ಯಯನದಲ್ಲಿ, ಆಗಾಗ ಬಿಸಿ ಬೆವರು ಕಾಡಿದವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕೂ ಹೆಚ್ಚು ಉಳಿದಿತ್ತು. "ಆರು ತಿಂಗಳು ತಡ್ಕೊ, ಹೋಗುತ್ತೆ" ಎನ್ನುವ ಸಮಾಧಾನ ಎಲ್ಲರಿಗೂ ಒಪ್ಪುವುದಿಲ್ಲ.

ಇದಕ್ಕೆ ಇರುವ ಔಷಧಿಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಈಸ್ಟ್ರೋಜೆನ್ನೇ. ಆದರೆ ಹಾರ್ಮೋನ್ ಎಂದ ಕೂಡಲೇ ಸ್ತನ ಕ್ಯಾನ್ಸರ್ ಎಂಬ ಭಯ ನುಗ್ಗುತ್ತದೆ. ಆ ಭಯದ ಬೇರು 2002ರ ಜುಲೈನಲ್ಲಿದೆ. ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದ ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಅಂದು ಅರ್ಧಕ್ಕೇ ನಿಲ್ಲಿಸಿದರು, ಪತ್ರಿಕೆಗಳೆಲ್ಲ ಹಾರ್ಮೋನಿನಿಂದ ಕ್ಯಾನ್ಸರ್ ಎಂದು ಬರೆದವು. ಅದರ ಅಂಕಿ ಹೀಗಿತ್ತು: ಹಾರ್ಮೋನ್ ತೆಗೆದುಕೊಳ್ಳದ ಹತ್ತು ಸಾವಿರ ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ತೆಗೆದುಕೊಂಡವರಲ್ಲಿ 38. ಅಪಾಯ ಇದ್ದದ್ದು ಹೌದು, ಹತ್ತು ಸಾವಿರಕ್ಕೆ ಎಂಟು. ಆ ಮಹಿಳೆಯರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷವಾದವರೇ ಹೆಚ್ಚು. ಮುಟ್ಟು ನಿಂತ ಹತ್ತು ವರ್ಷದೊಳಗೆ, ಅರವತ್ತು ತುಂಬುವ ಮುಂಚೆ, ಬೇರೆ ತೊಡಕಿಲ್ಲದವರು ಶುರುಮಾಡಿದರೆ ಹೆಚ್ಚಿನವರಿಗೆ ಲಾಭವೇ ಹೆಚ್ಚು ಎಂಬುದು ಇಂದಿನ ತಿಳಿವಳಿಕೆ. ಎರಡು ದಶಕ ಔಷಧಿಯ ಪೊಟ್ಟಣದ ಮೇಲಿದ್ದ ಕಟ್ಟೆಚ್ಚರಿಕೆಯನ್ನು ತೆಗೆಯುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಎಲ್ಲರಿಗೂ ಇದು ಸಲ್ಲದು. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ, ಪಾರ್ಶ್ವವಾಯು ಆದವರು, ಲಿವರ್ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ತೆಗೆದುಕೊಳ್ಳಬಾರದು. ಗರ್ಭಕೋಶ ಇರುವವರಿಗೆ ಬರೀ ಈಸ್ಟ್ರೋಜೆನ್ ಕೊಡಬಾರದು, ಒಳಪದರವನ್ನು ಹಿಡಿದಿಡಲು ಪ್ರೊಜೆಸ್ಟರಾನ್ ಜೊತೆಗಿರಬೇಕು. ನಮ್ಮ ಟೈಲರ್ ಮಹಿಳೆಗೆ ಅದು ಆಗಲೇ ಒಳಗಿನ ಸಾಧನದಿಂದ ಸಿಗುತ್ತಿದೆ. ಹಾಗಾಗಿ ಒಳಪದರ ಸರಿಹೋದದ್ದು ಖಚಿತವಾದ ಮೇಲೆ, ಬಿಪಿ, ಸಕ್ಕರೆ, ಸ್ತನದ ತಪಾಸಣೆ ಮುಗಿಸಿ, ದಿನಕ್ಕೊಮ್ಮೆ ತೋಳಿಗೋ ತೊಡೆಗೋ ಹಚ್ಚುವ ಈಸ್ಟ್ರೋಜೆನ್ ಜೆಲ್ ಬರೆದುಕೊಟ್ಟರು. ಚರ್ಮದ ಮೂಲಕ ಹೋಗುವ ಈಸ್ಟ್ರೋಜೆನ್ ಮಾತ್ರೆಯಷ್ಟು ರಕ್ತ ಹೆಪ್ಪುಗಟ್ಟಿಸುವುದಿಲ್ಲ. ಕೆಲವು ವಾರದಲ್ಲಿ ಈಕೆ ಬೆಳಗಿನವರೆಗೆ ಮಲಗತೊಡಗಿದಳು. ಹಾರ್ಮೋನ್ ಬೇಡದವರಿಗೆ, ಆಗದವರಿಗೆ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೇ ಕಡಿಮೆ ಪ್ರಮಾಣದಲ್ಲಿ ಬಿಸಿಯನ್ನು ತಗ್ಗಿಸುತ್ತವೆ. ಇಂಥ ಚೀಟಿ ಕಂಡು "ನಮ್ಮಮ್ಮನಿಗೆ ತಲೆ ಕೆಟ್ಟಿದೆಯಾ" ಎಂದು ಮಕ್ಕಳು ಹೆದರುವುದು ಬೇಡ.

ಯಾರೂ ಬಾಯಿಬಿಡದ ಇನ್ನೊಂದು ತೊಂದರೆ ಇದೆ. ಬಿಸಿ, ಬೆವರು ಒಂದು ದಿನ ತಾವಾಗಿ ಹೋಗುತ್ತವೆ. ಯೋನಿಯ ಒಣಗುವಿಕೆ ತಾನಾಗಿ ಹೋಗುವುದಿಲ್ಲ, ವರ್ಷ ಕಳೆದಂತೆ ಹೆಚ್ಚುತ್ತದೆ. ಉರಿ, ತುರಿಕೆ, ಪದೇ ಪದೇ ಉರಿಮೂತ್ರ, ಗಂಡನ ಜೊತೆ ಸೇರುವಾಗ ನೋವು. ಗಂಡ ಇದನ್ನು ತನ್ನ ಮೇಲಿನ ತಾತ್ಸಾರ ಎಂದುಕೊಳ್ಳುತ್ತಾನೆ, ಹೆಂಡತಿ ಹೇಳಲಾರದೆ ದೂರ ಮಲಗುತ್ತಾಳೆ. ಅಲ್ಲೇ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಬಹಳ ಕಡಿಮೆ ಪ್ರಮಾಣದ್ದು, ರಕ್ತಕ್ಕೆ ಸೇರುವುದು ಅತ್ಯಲ್ಪ, ಗುಣ ಚೆನ್ನಾಗಿದೆ. ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಮೂಳೆಯ ವಿಷಯ ಮಾತ್ರ ನೋವಿಲ್ಲದೆ ನಡೆಯುತ್ತದೆ: ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲೇ ಮೂಳೆ ವೇಗವಾಗಿ ಸವೆಯುತ್ತದೆ. ಈ ವಯಸ್ಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ಐಸಿಎಂಆರ್ ಹೇಳುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲೇ ಸುಮಾರು 350 ಮಿಲಿಗ್ರಾಂ ಇದೆ. ಮನೆಯವರಿಗೆಲ್ಲ ಮುದ್ದೆ ಬಡಿಸಿ ತಾನು ತಂಗಳನ್ನಕ್ಕೆ ಕೂರುವ ತಾಯಂದಿರ ತಟ್ಟೆಗೆ ಆ ಮುದ್ದೆ, ಒಂದು ಲೋಟ ಮಜ್ಜಿಗೆ ಬರಬೇಕು.

ಇನ್ನು ಕೆಲಸದ ಜಾಗ. ಫ್ಯಾಕ್ಟರಿಯಲ್ಲಿ ಈಕೆಯ ದಿನ ಹೀಗಿತ್ತು: ಟಾಯ್ಲೆಟ್ಟಿಗೆ ಎದ್ದರೆ ಟಾರ್ಗೆಟ್ ಬೀಳುತ್ತದೆ, ಸೂಪರ್‌ವೈಸರ್ ಕೂಗುತ್ತಾನೆ, ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಳು. ನೀರು ಕಡಿಮೆಯಾಗಿ ಉರಿಮೂತ್ರ ಶುರುವಾಯಿತು. ಬಟ್ಟೆ ಕಲೆಯಾದೀತೆಂದು ಹೆದರಿ ಎರಡು ಪ್ಯಾಡ್ ಒಟ್ಟಿಗೆ ಹಾಕಿ ಕೂತಳು, ಮೇಲೆ ಸಿಂಥೆಟಿಕ್ ಓವರ್‌ಕೋಟ್. ಐರನಿಂಗ್ ಸೆಕ್ಷನ್ನಿನ ಹಬೆ ಅವಳ ಲೈನಿನ ಕಡೆಗೇ ಬರುತ್ತಿತ್ತು. ರಕ್ತ ಹೆಚ್ಚಿದ ದಿನ ರಜೆ ಹಾಕಿದಳು, ಹಾಜರಾತಿ ಬೋನಸ್ ಹೋಯಿತು. ಇಂಥ ಕಡೆ ಕೆಲಸ ಬಿಟ್ಟು ಹೋಗುವವರು ಹದಿನೈದು ಇಪ್ಪತ್ತು ವರ್ಷ ಕೈ ಪಳಗಿದ ಟೈಲರ್‌ಗಳು ಎಂಬುದನ್ನು ಮಾಲೀಕರು ಯೋಚಿಸಬೇಕು.

ಬೇಕಾದ್ದು ದೊಡ್ಡದೇನಲ್ಲ. ಆಕೆಯ ಮೆಷಿನ್ನನ್ನು ಹಬೆಯಿಂದ ದೂರ, ಫ್ಯಾನಿನ ಕೆಳಗೆ ಹಾಕುವುದು. ಕೇಳದೆ ಟಾಯ್ಲೆಟ್ಟಿಗೆ ಹೋಗುವ ಅವಕಾಶ, ಐದು ನಿಮಿಷ ಅವಳ ಜಾಗದಲ್ಲಿ ಕೂರಲು ಒಬ್ಬ ಬದಲಿ ಟೈಲರ್. ಕೈಗೆಟಕುವಂತೆ ತಣ್ಣೀರು. ಹತ್ತಿಯ ಓವರ್‌ಕೋಟ್. ಈ ವಿಷಯ ಹೇಳಿಕೊಳ್ಳಲು ಹೆಣ್ಣುಮಗಳೊಬ್ಬಳು, ಅದು ಫ್ಯಾಕ್ಟರಿಯ ನರ್ಸ್ ಆದರೂ ಸರಿ. ಇಎಸ್‌ಐ ಕಾರ್ಡ್ ಇರುವವರಿಗೆ ಪರೀಕ್ಷೆ, ಔಷಧಿ ಅಲ್ಲಿಯೇ ಸಿಗಬೇಕು. ವೈದ್ಯರ ಸರ್ಟಿಫಿಕೇಟ್ ಇದ್ದರೆ ಕಾಯಿಲೆ ರಜೆಯ ಹಣವೂ ಉಂಟು. ಶಾಲೆ, ಬ್ಯಾಂಕು, ಬಸ್ಸಿನ ಕಂಡಕ್ಟರ್ ಕೆಲಸಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಕಂಡಕ್ಟರಿಗಂತೂ ಟ್ರಿಪ್ಪಿನ ಎರಡೂ ತುದಿಯಲ್ಲಿ ಬೀಗ ಹಾಕದ ಶೌಚಾಲಯ ಇರುವುದೇ ಎಲ್ಲಕ್ಕಿಂತ ದೊಡ್ಡ ಸಹಾಯ.

ಕರ್ನಾಟಕ ಸರ್ಕಾರ 2025ರಲ್ಲಿ 18ರಿಂದ 52 ವರ್ಷದ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆ ಎಂದು ಆದೇಶ ಹೊರಡಿಸಿತು, ಉದ್ಯಮದವರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 52ರ ತನಕ ಎಂದಿಟ್ಟದ್ದರಿಂದ ಮುಟ್ಟು ನಿಲ್ಲುವ ಮುಂಚಿನ ಆ ಕಠಿಣ ವರ್ಷಗಳೂ ಅದರೊಳಗೆ ಬಂದವು, ಇದು ಒಳ್ಳೆಯದೇ. ಆದರೆ ಮುಟ್ಟು ನಿಂತವಳ ನಿದ್ದೆಗೆಟ್ಟ ರಾತ್ರಿಗೆ ಮುಟ್ಟಿನ ರಜೆಯಲ್ಲಿ ಜಾಗವಿಲ್ಲ, ಮತ್ತು ಅವಳಿಗೆ ಬೇಕಾದ್ದು ಮುಖ್ಯವಾಗಿ ರಜೆಯೂ ಅಲ್ಲ, ಫ್ಯಾನು, ನೀರು, ಐದು ನಿಮಿಷದ ಬಿಡುವು.

ಮನೆಯವರ ಪಾಲಿನದು ಗಮನ. ಸಿಡಿಮಿಡಿ ಬೇರೆ, ಖಿನ್ನತೆ ಬೇರೆ. ಬೆವರಿ ನಿದ್ದೆಗೆಟ್ಟವಳು ಬೆಳಗ್ಗೆ ರೇಗಿ, ಮಧ್ಯಾಹ್ನಕ್ಕೆ ಸರಿಹೋಗುತ್ತಾಳೆ. ಎರಡು ವಾರವಾದರೂ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರುವುದಿಲ್ಲ, ಸುಮ್ಮನೆ ಅಳುತ್ತಾಳೆ, "ನಾನಿದ್ದು ಏನಾಗಬೇಕು" ಎನ್ನುತ್ತಾಳೆ ಎಂದರೆ ಅದನ್ನು ಮುಟ್ಟಿನ ಲೆಕ್ಕಕ್ಕೆ ಹಾಕಿ ಬಿಡಬಾರದು, ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು. ಹಿಂದೆ ಖಿನ್ನತೆ ಆಗಿದ್ದವರಿಗೆ ಈ ವರ್ಷಗಳಲ್ಲಿ ಅದು ಮರುಕಳಿಸುವುದು ಹೆಚ್ಚು. ಬಿಸಿ, ಬೆವರಿನ ಜೊತೆ ಎದೆ ಹಿಂಡಿದರೆ, ಎಡ ತೋಳಿಗೋ ದವಡೆಗೋ ನೋವು ಹರಿದರೆ ಮುಟ್ಟು ನಿಲ್ಲುವ ಬೆವರು ಎಂದು ಕಾಯದೆ ಇಸಿಜಿ ಮಾಡಿಸಬೇಕು. ಹೆಂಗಸರ ಹೃದಯಾಘಾತ ಕೈತಪ್ಪುವುದು ಹೀಗೆಯೇ.

ಇನ್ನೊಂದು ವಿಷಯವನ್ನು ಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಬಹುದು: ಕೊನೆಯ ಮುಟ್ಟಿನ ದಿನಾಂಕ. ಐವತ್ತು ದಾಟಿದವರು ಆ ದಿನದಿಂದ ಒಂದು ವರ್ಷ, ಐವತ್ತರ ಒಳಗಿನವರು ಎರಡು ವರ್ಷ ಬಸಿರು ತಡೆಯುವ ಉಪಾಯ ಬಿಡಬಾರದು. ಮತ್ತು ಹನ್ನೆರಡು ತಿಂಗಳು ಪೂರ್ತಿ ನಿಂತ ಮೇಲೆ ಯಾವತ್ತಾದರೂ ಒಂದು ಹನಿ ರಕ್ತ ಕಂಡರೂ, ನೋವಿಲ್ಲದಿದ್ದರೂ, ಒಂದೇ ಸಲ ಬಂದು ನಿಂತರೂ, ಅದನ್ನು ಮತ್ತೆ ಮುಟ್ಟಾಯಿತು ಎಂದುಕೊಳ್ಳದೆ ಆ ವಾರವೇ ಸ್ಕ್ಯಾನಿಂಗ್ ಮಾಡಿಸಬೇಕು. ಒಳಪದರ ನಾಲ್ಕು ಮಿಲಿಮೀಟರಿಗಿಂತ ದಪ್ಪವಿದ್ದರೆ ಚೂರು ತೆಗೆದು ಪರೀಕ್ಷೆ. ಹೆಚ್ಚಿನವರಲ್ಲಿ ಅದು ಒಣಗಿದ ಪದರದಿಂದ ಬಂದ ರಕ್ತವಷ್ಟೇ ಆಗಿರುತ್ತದೆ, ಕೆಲವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಮೊದಲ ಸುಳಿವು, ಮತ್ತು ಆ ಹಂತದಲ್ಲಿ ಸಿಕ್ಕಿದರೆ ಅದು ಗುಣವಾಗುವ ಕ್ಯಾನ್ಸರ್.